ದೂರು ಅಳಿಸಿ ವಿವರ ಬರೆಯಿರಿ

ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ರಾಜೀನಾಮೆಯ ಇಮೇಲನ್ನು ಮ್ಯಾನೇಜರ್‌ಗೂ ಎಚ್‌ಆರ್‌ಗೂ ಕಳಿಸುತ್ತಾರೆ. ಅದರ ಜೊತೆಗಿನ ಹಸ್ತಾಂತರದ ಟಿಪ್ಪಣಿ ನಿಜವಾಗಿ ಬೇಕಾಗುವುದು ಮುಂದೆ ಆ ಕೆಲಸ ವಹಿಸಿಕೊಳ್ಳುವವರಿಗೆ. ಇಂಥ ಪತ್ರಗಳಲ್ಲಿ ಅರಿವಿಲ್ಲದೆ ನುಸುಳುವ ಕಟುತನವನ್ನೂ ಅಸ್ಪಷ್ಟತೆಯನ್ನೂ ನಾವು ಎರಡು ಬೇರೆ ದೋಷಗಳೆಂದು ಎಣಿಸುತ್ತೇವೆ. ನನ್ನ ಪ್ರಕಾರ ಎರಡರ ಮೂಲ ಒಂದೇ: ವಿವರ ಇರಬೇಕಾದ ಕಡೆ ಅಭಿಪ್ರಾಯ ಬಂದು ಕೂರುವುದು.

ಒಂದು ಮಾದರಿ ನೋಡೋಣ. ‘ಹಿಂದೆ ಹಲವು ಸಲ ತಿಳಿಸಿದಂತೆ, ರಾತ್ರಿಯ ವರದಿಯ ಜಾಬ್ ನನ್ನೊಬ್ಬನ ಮೇಲೆಯೇ ನಿಂತಿದೆ. ಉಳಿದದ್ದು ತಂಡಕ್ಕೆ ಗೊತ್ತಿದೆ. ಎರಡು ತಿಂಗಳಲ್ಲಿ ಹೊರಡುತ್ತೇನೆ.’ ಮೊದಲ ವಾಕ್ಯ ‘ನೀವು ಕೇಳಲಿಲ್ಲ’ ಎಂಬ ದೂರಿನಂತೆ ಕೇಳಿಸುತ್ತದೆ, ಆದರೆ ಜಾಬ್ ಯಾಕೆ ಒಬ್ಬರ ಮೇಲೆ ನಿಂತಿದೆ ಎಂದು ಹೇಳುವುದಿಲ್ಲ. ಎರಡನೆಯದರಲ್ಲಿ ಯಾರಿಗೆ, ಏನು ಗೊತ್ತಿದೆ ಎಂಬುದಿಲ್ಲ. ಮೂರನೆಯದು ಸರಳವೆನಿಸಿದರೂ, ಜೂನ್ 2ರಂದು ಕೊಟ್ಟ ರಾಜೀನಾಮೆಗೆ 60 ದಿನ ಎಣಿಸಿದರೆ ಆಗಸ್ಟ್ 1, ಎರಡು ತಿಂಗಳೆಂದರೆ ಆಗಸ್ಟ್ 2. ಕೊನೆಯ ಕೆಲಸದ ದಿನಾಂಕವನ್ನೇ ಬರೆದರೆ ಈ ಗೊಂದಲವಿಲ್ಲ.

ಈ ಮಾದರಿಯ ದೋಷಗಳನ್ನು ಮೃದು ಮಾತಿನಿಂದ ತಿದ್ದಲಾಗದು. ‘ದಯವಿಟ್ಟು ಗಮನಿಸಿ’ ಎಂದು ಸೇರಿಸಿದರೂ ದೂರು ದೂರಾಗಿಯೇ ಉಳಿಯುತ್ತದೆ. ಬದಲಿಗೆ ಹೀಗೆ ಬರೆಯಬಹುದು: ‘ವರದಿಯ ಜಾಬ್ ನನ್ನ ವೈಯಕ್ತಿಕ ಖಾತೆಯ ಟೋಕನ್‌ನಿಂದ ಓಡುತ್ತಿದೆ. ಖಾತೆ ಮುಚ್ಚಿದ ದಿನವೇ ಅದು ನಿಲ್ಲುತ್ತದೆ. ಜುಲೈ 11ರೊಳಗೆ ಸರ್ವಿಸ್ ಅಕೌಂಟ್‌ಗೆ ಬದಲಿಸುತ್ತೇನೆ. ಅನುಮತಿ ಪ್ಲಾಟ್‌ಫಾರ್ಮ್ ತಂಡದಿಂದ ಬರಬೇಕು. ವೇಳಾಪಟ್ಟಿ `30 20 * * *`, ಸರ್ವರ್ ಗಡಿಯಾರ ಯುಟಿಸಿಯಲ್ಲಿರುವುದರಿಂದ ನಮ್ಮಲ್ಲಿ ಅದು ರಾತ್ರಿ 2 ಗಂಟೆ.’ ಇಲ್ಲಿ ಯಾರ ಮೇಲೂ ಆರೋಪವಿಲ್ಲ. ಆದರೂ ಅಪಾಯ, ಗಡುವು, ಹೊಣೆ ಮೂರೂ ತಿಳಿಯುತ್ತವೆ. ವಿವರ ತುಂಬಿದಂತೆ ಕಟುತನ ತಾನಾಗಿ ಜಾಗ ಬಿಟ್ಟಿದೆ.

ನಿಜವಾದ ಅಸಮಾಧಾನವನ್ನು ಮುಚ್ಚಿಡುವುದು ಅಪ್ರಾಮಾಣಿಕವಲ್ಲವೇ ಎಂದು ಕೇಳಬಹುದು. ಅಸಮಾಧಾನವನ್ನು ಹೇಳಬೇಕು, ಆದರೆ ಮ್ಯಾನೇಜರ್ ಜೊತೆಗಿನ ಮಾತಿನಲ್ಲಿ ಅಥವಾ ಎಕ್ಸಿಟ್ ಇಂಟರ್‌ವ್ಯೂನಲ್ಲಿ. ಅಲ್ಲಿ ಮರುಪ್ರಶ್ನೆಗೆ ಅವಕಾಶವಿದೆ. ಕಡತ ಸೇರುವ ಪತ್ರಕ್ಕೆ ಆ ಅವಕಾಶವಿಲ್ಲ. ಇಷ್ಟೆಲ್ಲ ವಿವರ ರಾಜೀನಾಮೆಗೆ ಭಾರವೆಂಬ ಆಕ್ಷೇಪ ಮಾತ್ರ ಸರಿ. ಹಾಗಾಗಿ ಇಮೇಲ್‌ನಲ್ಲಿ ನಿರ್ಧಾರ, ದಿನಾಂಕ, ಟಿಪ್ಪಣಿಯ ಕೊಂಡಿ ಸಾಕು. ಪಾಸ್‌ವರ್ಡ್ ಎರಡರಲ್ಲೂ ಇರಕೂಡದು. ಟಿಪ್ಪಣಿಯನ್ನು ಪರೀಕ್ಷಿಸುವ ದಾರಿಯೂ ಇದೆ. ಬರೆದವರು ಇನ್ನೂ ಕಚೇರಿಯಲ್ಲಿರುವಾಗಲೇ ಸಹೋದ್ಯೋಗಿಯೊಬ್ಬರು ಅದನ್ನಷ್ಟೇ ನೋಡಿ ಜಾಬ್ ಓಡಿಸಲಿ. ಅವರು ಎದ್ದು ಬಂದು ಕೇಳುವ ಪ್ರತಿಯೊಂದು ಪ್ರಶ್ನೆಯೂ ಟಿಪ್ಪಣಿಗೆ ಸೇರಬೇಕಾದ ಒಂದು ಸಾಲು.