ಆ ಇನ್ನೊಂದು ಮಗು

ಇಬ್ಬರು ಮಕ್ಕಳಿರುವ ಒಂದು ಮನೆ. ಮಕ್ಕಳಲ್ಲಿ ಒಬ್ಬನಾದರೂ ಗಂಡು. ಇಬ್ಬರೂ ಗಂಡುಮಕ್ಕಳೇ ಆಗಿರುವ ಸಂಭವನೀಯತೆ ಎಷ್ಟು?

ಇಷ್ಟೇ ಇಷ್ಟು ಇರುವ ಈ ಲೆಕ್ಕಕ್ಕೆ ಎರಡು ಉತ್ತರಗಳಿವೆ, ಎರಡೂ ಸರಿ. ಒಂದು ಮೂರರಲ್ಲೊಂದು, ಇನ್ನೊಂದು ಅರ್ಧ. ಮಾತಿನಲ್ಲಿ ಕೊಟ್ಟ ಲೆಕ್ಕಗಳನ್ನು ಬಿಡಿಸುವ ಗೀಳು ಹತ್ತಿದವರಿಗೆ ಇದರಷ್ಟು ಕಲಿಸುವ ಲೆಕ್ಕ ಮತ್ತೊಂದಿಲ್ಲ ಎಂದು ನನ್ನ ಅಭಿಪ್ರಾಯ. ಕೂಡುವುದು ಭಾಗಿಸುವುದು ಬಿಟ್ಟರೆ ಬೇರೆ ಗಣಿತ ಇದಕ್ಕೆ ಬೇಡ.

ಇದು ಹೆಸರಾದದ್ದು ಮಾರ್ಟಿನ್ ಗಾರ್ಡ್ನರ್ ಅವರಿಂದ. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅವರು ಬರೆಯುತ್ತಿದ್ದ ಗಣಿತ ವಿನೋದದ ಅಂಕಣದಲ್ಲಿ 1959ರ ಮೇ ತಿಂಗಳು ಒಂದು ಜೋಡಿ ಪ್ರಶ್ನೆ ಬಂತು. ಜೋನ್ಸ್ ಎಂಬವರಿಗೆ ಇಬ್ಬರು ಮಕ್ಕಳು, ದೊಡ್ಡದು ಹೆಣ್ಣು; ಎರಡೂ ಹೆಣ್ಣಾಗಿರುವ ಸಂಭವನೀಯತೆ ಎಷ್ಟು? ಸ್ಮಿತ್ ಎಂಬವರಿಗೂ ಇಬ್ಬರು, ಒಬ್ಬನಾದರೂ ಗಂಡು. ಎರಡೂ ಗಂಡಾಗಿರುವ ಸಂಭವನೀಯತೆ ಎಷ್ಟು? ಗಾರ್ಡ್ನರ್ ಕೊಟ್ಟ ಉತ್ತರ ಮೊದಲನೆಯದಕ್ಕೆ ಅರ್ಧ, ಎರಡನೆಯದಕ್ಕೆ ಮೂರರಲ್ಲೊಂದು. ಅದೇ ವರ್ಷದ ಅಕ್ಟೋಬರ್ ಸಂಚಿಕೆಯಲ್ಲಿ ಅವರು ಸ್ಮಿತ್‌ರ ಲೆಕ್ಕಕ್ಕೆ ಮರಳಿ ಬಂದರು. ಆ ಮನೆಯಲ್ಲಿ ಗಂಡುಮಗು ಇದೆ ಎನ್ನುವುದು ನಮಗೆ ಹೇಗೆ ಗೊತ್ತಾಯಿತು ಎಂಬುದನ್ನು ಹೇಳದೆ ಈ ಪ್ರಶ್ನೆ ಪೂರ್ಣವಾಗುವುದಿಲ್ಲ ಎಂದು ಬರೆದರು. ಜೋನ್ಸ್‌ರ ಲೆಕ್ಕದಲ್ಲಿ ಆ ತೊಡಕಿಲ್ಲ. ದೊಡ್ಡದು ಯಾವುದೆಂದು ಗೊತ್ತು, ಉಳಿದದ್ದು ಚಿಕ್ಕದು, ಅದು ಹೆಣ್ಣೋ ಗಂಡೋ ಎಂಬುದಷ್ಟೇ ಪ್ರಶ್ನೆ. ಸ್ಮಿತ್‌ರ ಲೆಕ್ಕದಲ್ಲಾದರೋ ‘ಉಳಿದದ್ದು’ ಯಾವುದೆಂದು ಬೆರಳು ಮಾಡಿ ತೋರಿಸುವಂತಿಲ್ಲ.

ಭಿನ್ನರಾಶಿಗಳನ್ನು ಆಚೆಗಿಟ್ಟು ಮನೆಗಳನ್ನೇ ಎಣಿಸೋಣ. ಎರಡೇ ಮಕ್ಕಳಿರುವ 400 ಮನೆಗಳಿವೆ ಎಂದುಕೊಳ್ಳಿ. ಹೆಣ್ಣು ಗಂಡು ಸಮ, ಒಂದು ಹೆರಿಗೆಗೂ ಇನ್ನೊಂದಕ್ಕೂ ನಂಟಿಲ್ಲ ಎಂದಿಟ್ಟುಕೊಂಡರೆ 100 ಮನೆಗಳಲ್ಲಿ ಎರಡೂ ಗಂಡು, 100ರಲ್ಲಿ ದೊಡ್ಡದು ಗಂಡು ಚಿಕ್ಕದು ಹೆಣ್ಣು, 100ರಲ್ಲಿ ದೊಡ್ಡದು ಹೆಣ್ಣು ಚಿಕ್ಕದು ಗಂಡು, ಉಳಿದ 100ರಲ್ಲಿ ಎರಡೂ ಹೆಣ್ಣು.

ಊರಿನ ಬಾಲಕರ ಕಬಡ್ಡಿ ತಂಡಕ್ಕೆ ಹುಡುಗರು ಬೇಕಾಗಿದ್ದಾರೆ. ತರಬೇತುದಾರರು ಈ 400 ಮನೆಗಳ ಬಾಗಿಲನ್ನೂ ತಟ್ಟಿ, “ನಿಮ್ಮ ಇಬ್ಬರು ಮಕ್ಕಳಲ್ಲಿ ಗಂಡುಮಗು ಇದೆಯೇನಮ್ಮ?” ಎಂದು ಕೇಳುತ್ತಾ ಹೋಗುತ್ತಾರೆ. 300 ಮನೆಗಳಲ್ಲಿ “ಇದೆ” ಎನ್ನುತ್ತಾರೆ. ಆ 300ರಲ್ಲಿ ಎರಡೂ ಗಂಡಾಗಿರುವ ಮನೆಗಳು 100. ಹಾಗಾಗಿ ತರಬೇತುದಾರರ ಪಟ್ಟಿಯಿಂದ ಒಂದು ಮನೆಯನ್ನು ಎತ್ತಿಕೊಂಡು ನಮ್ಮ ಪ್ರಶ್ನೆ ಕೇಳಿದರೆ ಉತ್ತರ ಮೂರರಲ್ಲೊಂದು. ಇದರಲ್ಲಿ ಕೈಚಳಕ ಏನೂ ಇಲ್ಲ. ಒಂದು ಗಂಡು ಒಂದು ಹೆಣ್ಣು ಇರುವ ಮನೆಗಳು ಎರಡೂ ಗಂಡಿರುವ ಮನೆಗಳ ಎರಡರಷ್ಟಿವೆ, ಅವೆಲ್ಲವೂ ಪಟ್ಟಿಗೆ ಸೇರಿವೆ, ಅಷ್ಟೇ.

ಈಗ ಕಬಡ್ಡಿ ಬಿಡಿ. ಅದೇ 400 ಮನೆಗಳ ತಂದೆಯರು ಸಂಜೆ ಒಂದು ಮಗುವನ್ನು ಕರೆದುಕೊಂಡು ಅಂಗಡಿಗೆ ಹೊರಡುತ್ತಾರೆ. ಇಬ್ಬರಲ್ಲಿ ಯಾರನ್ನು ಕರೆದೊಯ್ಯಬೇಕೆಂಬ ಕಟ್ಟುಪಾಡಿಲ್ಲ, ಕೈಗೆ ಸಿಕ್ಕ ಮಗು. ನೀವು ದಾರಿಯಲ್ಲಿ ಎದುರಾಗಿ, ಜೊತೆಗಿರುವುದು ಹುಡುಗ ಎಂದು ನೋಡುತ್ತೀರಿ. ಆ ಮನೆಯಲ್ಲಿ ಒಬ್ಬನಾದರೂ ಗಂಡು ಎಂಬುದು ಈಗ ನಿಮಗೆ ಖಚಿತ. ಇಂಥ ಮನೆಗಳೆಷ್ಟು? ಎರಡೂ ಗಂಡಿರುವ 100 ಮನೆಗಳಿಂದ ಬರುವುದು ಹುಡುಗನೇ. ಮಿಶ್ರ ಮನೆಗಳು 200 ಇದ್ದರೂ ಹುಡುಗ ಕಾಣಿಸುವುದು ಅರ್ಧದಷ್ಟರಲ್ಲಿ, ಅಂದರೆ 100ರಲ್ಲಿ ಮಾತ್ರ. ಉಳಿದ 100ರಲ್ಲಿ ಅಪ್ಪನ ಕೈ ಹಿಡಿದಿರುವುದು ಹುಡುಗಿ. ಒಟ್ಟು 200 ಹುಡುಗರು ಕಂಡರು, ಅವರಲ್ಲಿ 100 ಹುಡುಗರಿಗೆ ಮನೆಯಲ್ಲಿರುವುದೂ ಗಂಡು ಒಡಹುಟ್ಟೇ. ಉತ್ತರ ಅರ್ಧ.

ಎರಡೂ ಎಣಿಕೆಗಳಲ್ಲಿ ಮನೆಗಳು ಅವೇ, ಕೊನೆಗೆ ನಮಗೆ ತಿಳಿದ ವಾಕ್ಯವೂ ಅದೇ. ಬದಲಾದದ್ದು ಮಿಶ್ರ ಮನೆಗಳ ಪಾಲು. ತರಬೇತುದಾರರ ಪ್ರಶ್ನೆಗೆ ಅವು 200ಕ್ಕೆ 200 ಬಂದವು, ಸಂಜೆಯ ಬೀದಿಗೆ 100 ಬಂದವು. ಲೆಕ್ಕದ ಮಾತುಗಳು ಈ ಪಾಲನ್ನು ಹೇಳದೆ ಬಿಟ್ಟಿದ್ದರಿಂದ ಓದುಗನೇ ಅದನ್ನು ತುಂಬಿಕೊಳ್ಳಬೇಕಾಗುತ್ತದೆ. ಹೆಚ್ಚಿನವರು ತುಂಬಿಕೊಂಡೆವು ಎಂಬ ಅರಿವಿಲ್ಲದೆಯೇ ತುಂಬಿಕೊಳ್ಳುತ್ತಾರೆ.

ಪಠ್ಯಪುಸ್ತಕದ ದಾರಿಯಲ್ಲಿ ನಡೆದವರು ಇಲ್ಲೊಂದು ವಾದ ಹೂಡುವುದುಂಟು. ‘ಒಬ್ಬನಾದರೂ ಗಂಡು’ ಎಂದಿದೆ, ಎರಡೂ ಹೆಣ್ಣಿರುವ ಸಾಲನ್ನು ಹೊಡೆದು ಹಾಕು, ಉಳಿದ ಮೂರರಲ್ಲಿ ಒಂದು; ತಿಳಿದದ್ದು ಹೇಗೆ ಎಂಬುದು ಗಣಿತಕ್ಕೆ ಸಂಬಂಧವಿಲ್ಲ ಎಂದು. ಸಂಬಂಧವಿದೆ ಎನ್ನುವುದಕ್ಕೆ ಫ್ರಾನ್ಸಿನ ಜೋಸೆಫ್ ಬರ್ಟ್ರಾಂಡ್ 1889ರ ತಮ್ಮ ಸಂಭವನೀಯತೆಯ ಗ್ರಂಥದಲ್ಲಿ ಚಿನ್ನ ಬೆಳ್ಳಿ ನಾಣ್ಯಗಳ ಮೂರು ಪೆಟ್ಟಿಗೆಗಳನ್ನು ಇಟ್ಟುಕೊಂಡು ಮಾಡಿದ ತರ್ಕವೇ ಸಾಕು. ಅದನ್ನು ನಮ್ಮ ಮನೆಗಳಿಗೆ ಹೊಂದಿಸುತ್ತೇನೆ. ಏನೂ ತಿಳಿಯದಿರುವಾಗ ಇಬ್ಬರೂ ಒಂದೇ ಲಿಂಗದ ಮಕ್ಕಳಾಗಿರುವ ಸಂಭವನೀಯತೆ ಅರ್ಧ, 400ರಲ್ಲಿ 200 ಮನೆ. ಈಗ ಪ್ರತಿ ಮನೆಯ ಅಪ್ಪನೂ ಬಂದು ‘ಒಬ್ಬನಾದರೂ ಗಂಡು’ ಅಥವಾ ‘ಒಬ್ಬಳಾದರೂ ಹೆಣ್ಣು’, ಇವೆರಡರಲ್ಲಿ ತನ್ನ ಮನೆಗೆ ಒಪ್ಪುವ ಒಂದು ಮಾತನ್ನು ಹೇಳಲಿ. ಗಂಡು ಎಂದರೆ ಸಾಲು ಹೊಡೆಯುವ ವಿಧಾನದಲ್ಲಿ ಒಂದೇ ಲಿಂಗದ ಸಂಭವನೀಯತೆ ಮೂರರಲ್ಲೊಂದು. ಹೆಣ್ಣು ಎಂದರೂ ಮೂರರಲ್ಲೊಂದು. ಏನು ಹೇಳಿದರೂ ಮೂರರಲ್ಲೊಂದೇ ಆಗುವುದಾದರೆ ಅಪ್ಪ ಬಾಯಿ ತೆರೆಯುವ ಮೊದಲೇ ಅದು ಮೂರರಲ್ಲೊಂದಾಗಿರಬೇಕಿತ್ತು. ಆದರೆ ಎಣಿಸಿ ನೋಡಿದ್ದೇವೆ, ಅದು ಅರ್ಧ. ಎಡವಟ್ಟು ಎಲ್ಲಿದೆ ಎಂದರೆ, ಮಿಶ್ರ ಮನೆಗಳನ್ನು ಗಂಡಿನ ಸಾಲಿನಲ್ಲೂ ಹೆಣ್ಣಿನ ಸಾಲಿನಲ್ಲೂ ಪೂರ್ತಿಯಾಗಿ ಎರಡು ಸಲ ಎಣಿಸಿದ್ದರಲ್ಲಿ. ಅಪ್ಪ ಒಂದೇ ಮಾತು ಹೇಳಿದ್ದರಿಂದ ಅವನ ಮನೆ ಒಂದೇ ಸಾಲಿಗೆ ಸೇರಬೇಕು.

ಹೀಗೆಂದ ಮಾತ್ರಕ್ಕೆ ಮೂರರಲ್ಲೊಂದು ತಪ್ಪು ಎಂದಾಗುವುದಿಲ್ಲ. ಕಬಡ್ಡಿ ತರಬೇತುದಾರರು ಹೆಣ್ಣುಮಕ್ಕಳ ವಿಷಯ ಕೇಳಲೇ ಇಲ್ಲ, ಆದ್ದರಿಂದ ಅವರ ಪಟ್ಟಿಗೆ ಮಿಶ್ರ ಮನೆಗಳು ಪೂರ್ತಿ ಬಂದದ್ದು ನ್ಯಾಯವೇ. ಲೆಕ್ಕ ಕೈಗೆ ಬಂದಾಗ ನಾನು ಇದನ್ನೇ ಪರೀಕ್ಷಿಸುತ್ತೇನೆ: ಮಾಹಿತಿ ಕೊಟ್ಟವರು ಒಂದು ಮಿಶ್ರ ಮನೆಯ ಬಗ್ಗೆ ‘ಗಂಡು’ ಎನ್ನುವ ಬದಲು ‘ಹೆಣ್ಣು’ ಎಂದೂ ಹೇಳಬಹುದಿತ್ತೇ? ಹೇಳಲು ಎಡೆಯೇ ಇರಲಿಲ್ಲ ಎಂದಾದರೆ ಮೂರರಲ್ಲೊಂದು. ಹೇಳಬಹುದಿತ್ತು, ಯಾವ ಕಡೆಗೂ ಒಲವಿರಲಿಲ್ಲ ಎಂದಾದರೆ ಅರ್ಧ.

ಒಲವಿದ್ದರೆ? ಬೀದಿಯ ತಂದೆಯರಿಗೇ ಮರಳೋಣ. ಮಿಶ್ರ ಮನೆಯ ತಂದೆಯರಲ್ಲಿ ನಾಲ್ಕರಲ್ಲಿ ಮೂವರು ಮಗನನ್ನೇ ಕರೆದೊಯ್ಯುತ್ತಾರೆ ಎನ್ನಿ. ಆಗ 200 ಮಿಶ್ರ ಮನೆಗಳಿಂದ 150 ಹುಡುಗರು, ಎರಡೂ ಗಂಡಿರುವ ಮನೆಗಳಿಂದ 100. ಒಟ್ಟು 250ರಲ್ಲಿ 100, ಅಂದರೆ ಐದರಲ್ಲೆರಡು. ಎಲ್ಲ ತಂದೆಯರೂ ಮಗನನ್ನೇ ಕರೆದೊಯ್ಯುವವರಾದರೆ ಬೀದಿಯಲ್ಲಿ ನಿಂತೂ ಮೂರರಲ್ಲೊಂದಕ್ಕೇ ಬರುತ್ತೇವೆ. ಎಲ್ಲರೂ ಮಗಳಿದ್ದರೆ ಮಗಳನ್ನೇ ಕರೆದೊಯ್ಯುವವರಾದರೆ ಹುಡುಗ ಕಂಡ ಕೂಡಲೇ ಇನ್ನೊಂದೂ ಗಂಡು ಎಂಬುದು ಖಾತ್ರಿ, ಉತ್ತರ 1. ಮಿಶ್ರ ಮನೆಯಿಂದ ಹುಡುಗ ಹೊರಬರುವ ಪಾಲನ್ನು p ಎಂದು ಕರೆದರೆ ಇವೆಲ್ಲವೂ 1/(1+2p) ಎಂಬ ಒಂದೇ ಸೂತ್ರದೊಳಗೆ ಕೂರುತ್ತವೆ. ಹೆಸರಾದ ಎರಡು ಓದುಗಳು p = 1 ಮತ್ತು p = 1/2 ಎಂಬ ಎರಡು ಸಹಜವಾದ ನಿಲ್ದಾಣಗಳು.

ಪ್ರಶ್ನೆಪತ್ರಿಕೆ ಬರೆಯುವವರು ಇಷ್ಟೆಲ್ಲ ಹೇಳಬೇಕಾಗಿಲ್ಲ, ಒಂದು ವಾಕ್ಯ ಸೇರಿಸಿದರೆ ಸಾಕು. ಅಮೆರಿಕದ ‘ಪರೇಡ್’ ಪತ್ರಿಕೆಯ ಅಂಕಣಕಾರ್ತಿ ಮ್ಯಾರಿಲಿನ್ ವಾಸ್ ಸಾವಂತ್ 1991ರಲ್ಲಿ ಇದೇ ಲೆಕ್ಕವನ್ನು ಎರಡು ನಾಯಿಮರಿಗಳ ಮೇಲೆ ಕಟ್ಟಿದರು. ಗಂಡುಮರಿ ಬೇಕೆಂದು ಗಿರಾಕಿ ಹೇಳುತ್ತಾರೆ. ಅಂಗಡಿಯಾಕೆ ಮರಿಗಳಿಗೆ ಸ್ನಾನ ಮಾಡಿಸುತ್ತಿರುವಾತನಿಗೆ ಫೋನ್ ಮಾಡಿ, ಒಂದಾದರೂ ಗಂಡೇ ಎಂದು ಕೇಳುತ್ತಾಳೆ, ಹೌದು ಎಂಬ ಉತ್ತರ ಬರುತ್ತದೆ. ಕೇಳಿದ ಪ್ರಶ್ನೆಯೇ ಲೆಕ್ಕದೊಳಗೆ ಇರುವುದರಿಂದ ಇಲ್ಲಿ ಎರಡನೆಯ ಓದಿಗೆ ಜಾಗವಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ನಾಲ್ಕು ಸಾಲುಗಳಿಗೂ ನೂರು ನೂರು ಮನೆ ಎಂದು ಹಂಚಿದ್ದು ಲೆಕ್ಕದ ಊರಿನಲ್ಲಿ. ಗಂಡು ಹುಟ್ಟಿದ ಮೇಲೆ ಸಾಕು ಎನ್ನುವ, ಹೆಣ್ಣಾದರೆ ಇನ್ನೊಂದಿರಲಿ ಎನ್ನುವ ಮನೆಗಳಿರುವ ನಮ್ಮ ಊರುಗಳಲ್ಲಿ ಎರಡು ಮಕ್ಕಳ ಮನೆಗಳನ್ನಷ್ಟೇ ಆಯ್ದರೆ, ದೊಡ್ಡದು ಹೆಣ್ಣಾಗಿರುವ ಎರಡು ಸಾಲುಗಳೇ ದಪ್ಪವಾಗುತ್ತವೆ. ದೊಡ್ಡದು ಗಂಡಾದ ಮನೆಗಳಲ್ಲಿ ಅರ್ಧದಷ್ಟು ಒಂದೇ ಮಗುವಿಗೆ ನಿಂತವು ಎಂದುಕೊಂಡರೆ ಸಾಲುಗಳು 50, 50, 100, 100 ಆಗುತ್ತವೆ. ತರಬೇತುದಾರರ ಪಟ್ಟಿಯಲ್ಲಿ 200 ಮನೆ ಉಳಿದು, ಎರಡೂ ಗಂಡಿರುವವು 50, ಉತ್ತರ ಕಾಲು ಭಾಗಕ್ಕೆ ಇಳಿಯುತ್ತದೆ.

2010ರಲ್ಲಿ ಗಾರ್ಡ್ನರ್ ಗೌರವಾರ್ಥ ಅಟ್ಲಾಂಟಾದಲ್ಲಿ ಸೇರುವ ಒಗಟುಪ್ರಿಯರ ಕೂಟದಲ್ಲಿ ಗ್ಯಾರಿ ಫೋಶೀ ಎಂಬವರು ಈ ಲೆಕ್ಕಕ್ಕೆ ಒಂದೇ ಒಂದು ವಿವರ ಜೋಡಿಸಿದರು: ನನಗೆ ಇಬ್ಬರು ಮಕ್ಕಳು, ಒಬ್ಬ ಮಂಗಳವಾರ ಹುಟ್ಟಿದ ಗಂಡು. ವಾರದ ದಿನಕ್ಕೂ ಒಡಹುಟ್ಟು ಗಂಡೋ ಹೆಣ್ಣೋ ಎಂಬುದಕ್ಕೂ ಏನು ನಂಟು ಎನಿಸುತ್ತದೆ. ಎಣಿಸಿದರೆ ಬೇರೆಯೇ ಆಗುತ್ತದೆ. ಒಂದು ಮಗು ಏಳು ದಿನ, ಎರಡು ಲಿಂಗ ಸೇರಿ 14 ಬಗೆ. ಎರಡು ಮಕ್ಕಳದು 196 ಬಗೆ, ಎಲ್ಲವೂ ಸಮ. ತರಬೇತುದಾರರು ಈಗ “ಮಂಗಳವಾರ ಹುಟ್ಟಿದ ಗಂಡುಮಗು ಇದೆಯೇ?” ಎಂದು ಬಾಗಿಲು ತಟ್ಟಲಿ. ದೊಡ್ಡದು ಅಂಥದ್ದಾಗಿರುವ ಬಗೆಗಳು 14, ಚಿಕ್ಕದು ಅಂಥದ್ದಾಗಿರುವವು 14, ಎರಡೂ ಅಂಥದ್ದಾದ ಒಂದು ಎರಡೂ ಕಡೆ ಬಂದಿದೆ. ಅದನ್ನು ಕಳೆದರೆ 27. ಇದೇ ರೀತಿ ಎರಡೂ ಗಂಡಾಗಿರುವವನ್ನು ಎಣಿಸಿದರೆ 7 ಮತ್ತು 7, ಒಂದು ಕಳೆದು 13. ಉತ್ತರ 13/27, ಮೂರರಲ್ಲೊಂದನ್ನು ಬಿಟ್ಟು ಅರ್ಧದ ಹೊಸ್ತಿಲಿಗೆ ಬಂದಿದೆ.

ಬೀದಿಯಲ್ಲಿ ಅಪ್ಪನ ಜೊತೆ ಕಂಡ ಹುಡುಗ ತಾನು ಮಂಗಳವಾರ ಹುಟ್ಟಿದವನು ಎಂದರೆ? ಆ 27ರಲ್ಲಿ ಎರಡೂ ಮಂಗಳವಾರದ ಗಂಡಾಗಿರುವ ಒಂದು ಬಗೆಯಲ್ಲಿ ಯಾರು ಬಂದರೂ ಆ ಮಾತು ನಿಜ. ಉಳಿದ 26ರಲ್ಲಿ ಅರ್ಧ ಸಲ ಮಾತ್ರ ಅಂಥ ಹುಡುಗ ಬಂದಿರುತ್ತಾನೆ, ಅದು 13. ಒಟ್ಟು 14. ಎರಡೂ ಗಂಡಾಗಿರುವ 13ರಲ್ಲಿ ಅದೇ ಒಂದು ಪೂರ್ತಿ, ಉಳಿದ 12ರ ಅರ್ಧ 6, ಒಟ್ಟು 7. ಹದಿನಾಲ್ಕರಲ್ಲಿ ಏಳು, ಅರ್ಧ. ಈ ಓದಿನಲ್ಲಿ ಮಂಗಳವಾರ ಏನನ್ನೂ ಅಲುಗಿಸಲಿಲ್ಲ.

ಹಾಗಾದರೆ ಮೊದಲ ಓದಿನಲ್ಲಿ ಅದು ಉತ್ತರವನ್ನು ಇಷ್ಟು ದೂರ ಎಳೆದದ್ದೇಕೆ? ಕಾರಣ ಆ ಕಳೆದ ‘ಒಂದು’. ಬರೀ ‘ಗಂಡು’ ಎಂಬ ವಿವರ ಎರಡೂ ಮಕ್ಕಳಿಗೆ ಒಟ್ಟಿಗೆ ಒಪ್ಪುವುದು ಸುಲಭ. ‘ಮಂಗಳವಾರದ ಗಂಡು’ ಇಬ್ಬರಿಗೂ ಒಪ್ಪುವುದು ಅಪರೂಪ. ವಿವರ ಸೂಕ್ಷ್ಮವಾದಷ್ಟೂ ಅದು ಇಬ್ಬರಲ್ಲಿ ಒಂದೇ ಮಗುವಿಗೆ ಅಂಟಿಕೊಳ್ಳುತ್ತದೆ, ಆಗ ‘ಉಳಿದದ್ದು’ ಎಂದು ತೋರಿಸಲು ಇನ್ನೊಂದು ಮಗು ಸಿಗುತ್ತದೆ, ಲೆಕ್ಕ ಜೋನ್ಸ್‌ರ ದೊಡ್ಡ ಮಗಳ ಲೆಕ್ಕದ ಹಾಗಾಗುತ್ತಾ ಬರುತ್ತದೆ. ವಾರದ ದಿನದ ಬದಲು ವರ್ಷದ 365 ದಿನಗಳಲ್ಲಿ ಒಂದನ್ನು ಹೇಳಿದರೆ ಬಾಗಿಲು ತಟ್ಟುವ ಓದಿನಲ್ಲಿ ಬರುವ ಉತ್ತರ 729/1459. ಬೀದಿಯ ಓದಿನ ಅರ್ಧಕ್ಕೂ ಇದಕ್ಕೂ ಇರುವ ಅಂತರ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲಿನಷ್ಟೇ.