ಆರು ವಾರದ ಓದು: ಕ್ಯಾಲ್ಕುಲಸ್‌ನ ಜಾಗ ಯಾವುದು?

ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬರು ಕ್ಯಾಲ್ಕುಲಸ್‌ನಲ್ಲಿ ಹಿಂದಿದ್ದು, ಥರ್ಮೋಡೈನಾಮಿಕ್ಸ್ ಪರೀಕ್ಷೆಗೆ ಕೂರಬೇಕಾದಾಗ ಅವರ ಕೈಗೆ ಸಿಗುವ ಆರು ವಾರದ ಯೋಜನೆ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲ ಎರಡು ವಾರ ಬರೀ ಕ್ಯಾಲ್ಕುಲಸ್, ಆಮೇಲೆ ಒಂದೊಂದು ವಾರ ಮೊದಲ ನಿಯಮ, ಎಂಟ್ರೊಪಿ, ಮುಕ್ತ ಶಕ್ತಿ, ಕೊನೆಗೆ ಹಳೆಯ ಪ್ರಶ್ನೆಪತ್ರಿಕೆಗಳು. ನೋಡಲು ಅಚ್ಚುಕಟ್ಟು. ಆದರೆ ಇದರ ದೋಷ ಮೊದಲ ಎರಡು ವಾರಗಳಲ್ಲೇ ಇದೆ.

ಆ ಹದಿನಾಲ್ಕು ದಿನ ವಿದ್ಯಾರ್ಥಿ ಪಿಯುಸಿ ಗಣಿತದ ಪುಸ್ತಕ ತೆರೆದು ಲಿಮಿಟ್, ಸೈನ್–ಕೊಸೈನ್‌ಗಳ ಇಂಟಿಗ್ರೇಷನ್ ಮಾಡುತ್ತಾರೆ. ಈ ಪತ್ರಿಕೆಯಲ್ಲಿ ಅವು ಬರುವುದೇ ಇಲ್ಲ. ಬರುವುದು ಪಾರ್ಷಿಯಲ್ ಡಿಫರೆನ್ಷಿಯೇಷನ್. ಅದು ಪಿಯುಸಿ ಪುಸ್ತಕದಲ್ಲಿಲ್ಲ. ಪದವಿಯಲ್ಲಿ ರಸಾಯನಶಾಸ್ತ್ರದ ಜೊತೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡವರಿಗೆ ಗಣಿತದ ತರಗತಿಯಲ್ಲೂ ಅದು ಸಿಗುವುದಿಲ್ಲ.

ಆದ್ದರಿಂದ ಮೊದಲ ವಾರಕ್ಕೆ ಒಂದೇ ಇಂಟಿಗ್ರೇಷನ್ ಸಾಕು: dV/V ಕೊಡುವ ln V. ಅದನ್ನೂ ಅನಿಲದ ಲೆಕ್ಕದೊಳಗೇ ಕಲಿಯಬೇಕು. 298 ಕೆಲ್ವಿನ್‌ನಲ್ಲಿ 1 ಮೋಲ್ ಆದರ್ಶ ಅನಿಲ 10 ಲೀಟರ್‌ನಿಂದ 20 ಲೀಟರ್‌ಗೆ, ತಾಪ ಬದಲಾಗದಂತೆ, ರಿವರ್ಸಿಬಲ್ ಆಗಿ ಹಿಗ್ಗುತ್ತದೆ ಎನ್ನೋಣ. ಅನಿಲ ಮಾಡುವ ಕೆಲಸ RT ln 2, ಅಂದರೆ ಸುಮಾರು 1717 ಜೌಲ್. ಇಲ್ಲಿ ಹೊಸಬರು ಮಾಡುವ ತಪ್ಪು, P ಸ್ಥಿರವೆಂದು ಭಾವಿಸಿ ಅದನ್ನು ಇಂಟಿಗ್ರಲ್‌ನಿಂದ ಹೊರಗೆ ತರುವುದು. ಆರಂಭದ ಒತ್ತಡ ಹಾಕಿದರೆ 2478 ಜೌಲ್ ಬರುತ್ತದೆ. ರಿವರ್ಸಿಬಲ್ ದಾರಿಯಲ್ಲೇ ಗರಿಷ್ಠ ಕೆಲಸ ಎಂಬುದು ಗೊತ್ತಿದ್ದರೆ, ಅದನ್ನೂ ಮೀರಿದ ಉತ್ತರ ತಪ್ಪೆಂದು ತಕ್ಷಣ ತಿಳಿಯುತ್ತದೆ. ಅಂತಿಮ ಒತ್ತಡಕ್ಕೆ ಎದುರಾಗಿ ಒಂದೇ ಸಲ ಹಿಗ್ಗಿದರೆ 1239 ಜೌಲ್. ಆರಂಭ, ಅಂತ್ಯ ಎರಡೂ ಅವೇ ಆಗಿದ್ದರೂ ಕೆಲಸ ಬೇರೆಯಾಯಿತು. ಕೆಲಸವು ದಾರಿಯನ್ನು ಅವಲಂಬಿಸುತ್ತದೆ ಎಂಬ ಮಾತು ಹೀಗೆ ಅಂಕಿಗಳಲ್ಲೇ ಕಾಣುತ್ತದೆ.

ಎರಡನೆಯ ವಾರ ಪಾರ್ಷಿಯಲ್ ಡಿಫರೆನ್ಷಿಯೇಷನ್‌ಗೆ. ಅಭ್ಯಾಸಕ್ಕೆ PV = RT ಒಂದೇ ಸಮೀಕರಣ ಸಾಕು. V ಸ್ಥಿರವಾಗಿಟ್ಟರೆ (∂P/∂T)_V = R/V; T ಸ್ಥಿರವಾಗಿಟ್ಟರೆ (∂P/∂V)_T = −RT/V². ಬ್ರಾಕೆಟ್ಟಿನ ಹೊರಗಿನ ಆ ಪುಟ್ಟ ಅಕ್ಷರವನ್ನು ಬಿಟ್ಟು ಬರೆಯುವವರೇ ಮುಂದೆ ಎಡವುವುದು. ಪರೀಕ್ಷಿಸಿಕೊಳ್ಳಲು ಒಂದು ಲೆಕ್ಕವಿದೆ: (∂P/∂T)_V (∂T/∂V)_P (∂V/∂P)_T. ಭಿನ್ನರಾಶಿಯಂತೆ ಹೊಡೆದುಹಾಕಿದವರಿಗೆ +1 ಬರುತ್ತದೆ; ಮಾಡಿ ನೋಡಿದವರಿಗೆ −1.

ಮೂರನೆಯ ವಾರವೇ ಇಡೀ ಯೋಜನೆಯ ನಡುಗಂಬ. ಹಳೆಯ ಯೋಜನೆಯಲ್ಲಿ ಎಂಟ್ರೊಪಿ ಒಂದು ವ್ಯಾಖ್ಯೆಯಾಗಿ ಬಂದು ಬೀಳುತ್ತದೆ, ಶಾಖವನ್ನು T ಇಂದ ಏಕೆ ಭಾಗಿಸಬೇಕೆಂದು ಯಾರೂ ಹೇಳುವುದಿಲ್ಲ. ಎರಡನೆಯ ವಾರದ ಅಭ್ಯಾಸವಿದ್ದರೆ ಅದನ್ನು ವಿದ್ಯಾರ್ಥಿಯೇ ಕಂಡುಕೊಳ್ಳಬಹುದು. ಆದರ್ಶ ಅನಿಲದ ರಿವರ್ಸಿಬಲ್ ಶಾಖ: Cv dT + (RT/V) dV. ಮೊದಲ ಗುಣಾಂಕವನ್ನು V ಇಂದ ಡಿಫರೆನ್ಷಿಯೇಟ್ ಮಾಡಿದರೆ ಸೊನ್ನೆ, ಎರಡನೆಯದನ್ನು T ಇಂದ ಮಾಡಿದರೆ R/V. ಎರಡೂ ಸಮವಲ್ಲ, ಹಾಗಾಗಿ ಶಾಖ ಸ್ಥಿತಿಯ ಗುಣವಲ್ಲ. ಈಗ ಎಲ್ಲವನ್ನೂ T ಇಂದ ಭಾಗಿಸಿದರೆ ಗುಣಾಂಕಗಳು Cv/T ಮತ್ತು R/V. ಇವನ್ನೂ ಹಾಗೆಯೇ ಡಿಫರೆನ್ಷಿಯೇಟ್ ಮಾಡಿದರೆ ಎರಡೂ ಕಡೆ ಸೊನ್ನೆ, ಸಮವಾಯಿತು. ಹೀಗೆ ಸಿಕ್ಕ ಸ್ಥಿತಿಯ ಗುಣವೇ ಎಂಟ್ರೊಪಿ.

ನಾಲ್ಕನೆಯ ವಾರ ಎಂಟ್ರೊಪಿಯ ಲೆಕ್ಕಗಳಿಗೆ, ಐದನೆಯದು ಮುಕ್ತ ಶಕ್ತಿ ಮತ್ತು ಮ್ಯಾಕ್ಸ್‌ವೆಲ್ ಸಂಬಂಧಗಳಿಗೆ. ನಾಲ್ಕು ಸಂಬಂಧಗಳನ್ನು ಬಾಯಿಪಾಠ ಮಾಡಬೇಕಿಲ್ಲ. dA = −S dT − P dV ಎಂಬುದಕ್ಕೆ ಮೂರನೆಯ ವಾರದ ಪರೀಕ್ಷೆಯನ್ನೇ ಹಚ್ಚಿದರೆ (∂S/∂V)_T = (∂P/∂T)_V ಸಿಗುತ್ತದೆ. ಬಲಬದಿ R/V ಎಂದು ಆಗಲೇ ಗೊತ್ತು. 10ರಿಂದ 20 ಲೀಟರ್‌ಗೆ ಇಂಟಿಗ್ರೇಟ್ ಮಾಡಿದರೆ R ln 2, ಅಂದರೆ ಪ್ರತಿ ಕೆಲ್ವಿನ್‌ಗೆ 5.76 ಜೌಲ್. ಮೊದಲ ವಾರದ 1717ನ್ನು 298ರಿಂದ ಭಾಗಿಸಿದರೂ ಅದೇ ಸಂಖ್ಯೆ.

ಆರನೆಯ ವಾರ ಹಳೆಯ ಯೋಜನೆಯಂತೆ ಪ್ರಶ್ನೆಪತ್ರಿಕೆಗಳಿಗೇ ಇರಲಿ. ಕ್ಲಾಸಿಯಸ್–ಕ್ಲೇಪಿರಾನ್ ಸಮೀಕರಣ ಮಾತ್ರ ಅದರಲ್ಲಿ ಸೇರಲಿ. ಅಲ್ಲಿ ಬೇಕಾದ ಹೊಸ ಇಂಟಿಗ್ರೇಷನ್ ಒಂದೇ, dT/T² ಕೊಡುವ −1/T. ನೀರಿನ ಆವೀಕರಣ ಶಾಖ ಮೋಲ್‌ಗೆ 40.7 ಕಿಲೋಜೌಲ್ ಎಂದಿಟ್ಟರೆ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯ ಒತ್ತಡ ಸುಮಾರು 0.70 ಅಟ್ಮಾಸ್ಫಿಯರ್. ಮೈನಸ್ ಮರೆತವರಿಗೆ 1.44 ಬರುತ್ತದೆ. ಹಾಗಾದರೆ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯಬೇಕಿತ್ತು.

ಈ ಮರುಜೋಡಣೆಗೂ ಮಿತಿಯಿದೆ. ಲಾಗರಿದಮ್ ಮತ್ತು ಬೀಜಗಣಿತದಲ್ಲೇ ತಡವರಿಸುವವರಿಗೆ ಇದರ ಹಿಂದೆ ಇನ್ನೊಂದು ವಾರ ಬೇಕು. ಉಳಿದವರಿಗೆ ಹಳೆಯ ಯೋಜನೆಗಿಂತ ಇದು ಮೇಲು. ಕ್ಯಾಲ್ಕುಲಸ್‌ಗೆಂದು ಬೇರೆ ಎರಡು ವಾರ ತೆಗೆದಿಡುವುದನ್ನು ಅವರು ಕೈಬಿಡಬಹುದು.