ಅತ್ತಿಗೆಯ ಕೋಸಂಬರಿ

ರಾಮನವಮಿ ಬಂತೆಂದರೆ ಚಾಮರಾಜಪೇಟೆ, ಬಸವನಗುಡಿಯ ಬೀದಿಗಳಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಕೀಮೋ ನಡೆಯುತ್ತಿದ್ದ ನಮ್ಮ ಅತ್ತಿಗೆಗೂ ಒಂದು ದೊನ್ನೆ ಬಂತು. "ಈಗ ತಾನೇ ಕಲಸಿದ್ದು ಕಣಪ್ಪ, ಒಗ್ಗರಣೆ ಬೇರೆ ಬಿದ್ದಿದೆ" ಅಂದರು ಅತ್ತಿಗೆ. ಸಂಕಟವಾದರೂ ದೊನ್ನೆಯನ್ನು ಅವರ ಕೈಯಿಂದ ತೆಗೆದುಕೊಂಡೆ.

ಕೋಸಂಬರಿಯಲ್ಲಿ ಬೆಂದದ್ದು ಏನೂ ಇಲ್ಲ. ಬೇಳೆ ನೆನೆದದ್ದು, ಸೌತೆಕಾಯಿ, ತೆಂಗಿನತುರಿ, ಕೊತ್ತಂಬರಿ ಎಲ್ಲವೂ ಹಸಿ. ಒಂದು ಸೌಟು ಒಗ್ಗರಣೆ ಬಿದ್ದ ಕ್ಷಣವೇ ಆರಿಹೋಗುತ್ತದೆ. ನಿಂಬೆರಸದ ಹುಳಿಗೆ ರೋಗಾಣುಗಳೆಲ್ಲ ಸಾಯುವುದಿಲ್ಲ. ಮೊಳಕೆ ಹೆಸರುಕಾಳು ಇನ್ನೂ ಅಪಾಯ. ಕಾಳಿನ ಸಿಪ್ಪೆಯ ಬಿರುಕಿನಲ್ಲಿ ಅಡಗಿದ ಸೂಕ್ಷ್ಮಾಣು ಒದ್ದೆ ಬಟ್ಟೆಯ ಬಿಸುಪಿನಲ್ಲಿ ಮೊಳಕೆಯ ಜೊತೆಗೇ ಬೆಳೆಯುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಬಿಳಿ ರಕ್ತಕಣ ಕುಸಿದವರಿಗೆ, ಅಂಗಾಂಗ ಕಸಿಯಾದವರಿಗೆ ಮೊಳಕೆಕಾಳನ್ನು ಚೆನ್ನಾಗಿ ಬೇಯಿಸಿಯೇ ಕೊಡಬೇಕು.

ಹಾಗೆಂದು ಹಸಿಯದ್ದೆಲ್ಲ ನಿಷಿದ್ಧವೆನ್ನುವ ಹಳೆಯ ಕಟ್ಟುನಿಟ್ಟು ಈಗ ಸಡಿಲವಾಗುತ್ತಿದೆ. ಅದರಿಂದ ಸೋಂಕು ಕಡಿಮೆಯಾಗುತ್ತದೆಂದು ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಕಂಡಿಲ್ಲ. ಮನೆಯಲ್ಲೇ ತೊಳೆದು, ಸಿಪ್ಪೆ ತೆಗೆದು ಕೊಟ್ಟ ಹಣ್ಣಿಗೆ ಎಷ್ಟೋ ವೈದ್ಯರು ಒಪ್ಪುತ್ತಾರೆ. ನಿಮ್ಮ ವೈದ್ಯರನ್ನೇ ಕೇಳಿ. ಕಾಯಿಸದ ಹಾಲು, ಹಸಿ ಮೊಟ್ಟೆ, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು ಮಾತ್ರ ಬೇಡವೇ ಬೇಡ. ಅತ್ತಿಗೆಗೆ ಆ ದಿನ ಹೆಸರುಬೇಳೆಯನ್ನು ಕೈಯಲ್ಲಿ ಹಿಸುಕಿದರೆ ಮೆತ್ತಗಾಗುವಷ್ಟು ಬೇಯಿಸಿ, ತೆಂಗಿನತುರಿ, ಕೊತ್ತಂಬರಿ ಎರಡನ್ನೂ ಬಾಣಲೆಯಲ್ಲೇ ಬಾಡಿಸಿ ಕೊಟ್ಟೆ.

ಹಸಿಯದ್ದಕ್ಕಿಂತ ನನಗೆ ಹೆಚ್ಚು ಭಯ ರಾತ್ರಿಯ ಅನ್ನದ್ದು. ಉಳಿದ ಅನ್ನವನ್ನು ಕುಕ್ಕರಿನಲ್ಲೇ ಬಿಟ್ಟು, ಬೆಳಿಗ್ಗೆ ಚಿತ್ರಾನ್ನ ಕಲಸುವುದು ನಮ್ಮ ಮನೆಗಳ ರೂಢಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿದರೂ ಸಾಯುವುದಿಲ್ಲ. ಮೇಲೆ ಅನ್ನ ಆರಿದಂತೆ ಕಂಡರೂ ನಡುವೆ ಕೈಯಿಟ್ಟರೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಆ ಬಿಸುಪಿನಲ್ಲಿ ಬೀಜಕಗಳು ಎಚ್ಚೆತ್ತು ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯಿಂದ, ರುಚಿಯಿಂದ ಅದು ಗೊತ್ತಾಗುವುದೂ ಇಲ್ಲ. ಗಟ್ಟಿಮುಟ್ಟಾದವರಿಗೆ ಒಂದು ದಿನದ ವಾಂತಿ. ಅತ್ತಿಗೆಯಂಥವರಲ್ಲಿ ಸೂಕ್ಷ್ಮಾಣು ರಕ್ತಕ್ಕೇ ಇಳಿಯಬಹುದು.

ಆದ್ದರಿಂದ ಊಟ ಮುಗಿಯುತ್ತಿದ್ದಂತೆ ಅನ್ನವನ್ನು ಅಗಲವಾದ ಡಬ್ಬಿಯಲ್ಲಿ ಎರಡು ಬೆರಳೆತ್ತರ ಹರಡಿ, ಒಂದು ಗಂಟೆಯೊಳಗೆ ಫ್ರಿಜ್ಜಿನ ಒಳಗಿನ ಶೆಲ್ಫಿನಲ್ಲಿಡುತ್ತೇವೆ. ಬಾಗಿಲಿನ ಶೆಲ್ಫು ತೆರೆದು ಮುಚ್ಚುವಾಗಲೆಲ್ಲ ಬೆಚ್ಚಗಾಗುತ್ತದೆ. ಡಬ್ಬಿಯ ಮೇಲೆ ಸಮಯ ಬರೆದ ಚೀಟಿ. 24 ಗಂಟೆ ಕಳೆದರೆ ಅತ್ತಿಗೆಗಿಲ್ಲ. ಕೊಡುವಾಗ ಒಂದೇ ಸಲ, ನಡುವಿನಿಂದಲೂ ಹಬೆಯೇಳುವಂತೆ ಬಿಸಿ ಮಾಡುವುದು. ಎಷ್ಟು ಹೊತ್ತು ಹೊರಗಿತ್ತೆಂದು ನೆನಪಿಲ್ಲದ ಅನ್ನ ನೇರ ಕಸಕ್ಕೆ.

ಚಿತ್ರಾನ್ನದ ಆಸೆಯನ್ನು ಅತ್ತಿಗೆ ಬಿಟ್ಟಿಲ್ಲ. ಬೆಳಿಗ್ಗೆಯೇ ಅನ್ನ ಮಾಡಿ ದೊಡ್ಡ ತಟ್ಟೆಗೆ ಹರಡುತ್ತೇನೆ. ಹತ್ತು ನಿಮಿಷಕ್ಕೆ ಉದುರುದುರಾಗುತ್ತದೆ.